ತೆರೆಯ ಹಿಂದೆ: ಢಿಶುಂ ಬೀಳೋಕೆ ಮುಂಚೆ

ಹೀರೋ ಕೈ ಬೀಸಿದ, ವಿಲನ್ ಹತ್ತು ಮಾರು ದೂರ ಹಾರಿ ಬಿದ್ದ, ಗಾಂಧಿ ಕ್ಲಾಸಿನಲ್ಲಿ ಶಿಳ್ಳೆ! ಆ ಮುಷ್ಟಿ ದವಡೆಗೆ ತಾಗೇ ಇಲ್ಲ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಕ್ಯಾಮೆರಾ ಕೋನ ನಡುವಿನ ಅಂತರವನ್ನು ಮುಚ್ಚುತ್ತೆ, ಏಟು ತಿನ್ನುವವನು ಸರಿಯಾದ ಕ್ಷಣಕ್ಕೆ ಕತ್ತು ತಿರುಗಿಸ್ತಾನೆ. ಆದರೆ ಹೀರೋನೂ ಇಲ್ಲದೆ, ವಿಲನ್ನೂ ಇಲ್ಲದೆ, ಬರೀ ಕಾಗದ ಪೆನ್ಸಿಲ್ ಇಟ್ಟುಕೊಂಡು ಅದೇ ಏಟು ಹೊಡೆಸಬೇಕಾದರೆ?

ಬೆಂಗಳೂರಿನಲ್ಲಿ ಕಾರ್ಟೂನ್ ಚಿತ್ರ ಮಾಡುವ ಗೆಳೆಯನೊಬ್ಬ ಇದ್ದಾನೆ. ಮೊನ್ನೆ ಅವನ ಕೋಣೆಗೆ ಹೋದಾಗ ಮುಖ ಸಪ್ಪೆ. ಒಂದು ಫೈಟ್ ಶಾಟ್, ಮಾರನೇ ದಿನ ಬಣ್ಣಕ್ಕೆ ಹೋಗಬೇಕು. ಚಿತ್ರಗಳನ್ನು ಒಂದೊಂದಾಗಿ ನೋಡಿದರೆ ಬಲು ಚೆಂದ. ಆದರೆ ಪೆನ್ಸಿಲ್ ಟೆಸ್ಟ್ ಹಾಕಿದಾಗ ನಮ್ಮ ಭೀಮ ಕೆರೆಯೊಳಗೆ ನಿಂತು ಗುದ್ದಿದ ಹಾಗಿತ್ತು!

ಪೆನ್ಸಿಲ್ ಟೆಸ್ಟ್ ಅಂದರೆ ಇಷ್ಟೇ. ಗೆರೆಗಳನ್ನು ತಿದ್ದಿ ಚೊಕ್ಕ ಮಾಡುವ ಮುಂಚೆ, ಒರಟು ಚಿತ್ರಗಳನ್ನೇ ಸಾಲಾಗಿ ಫೋಟೋ ಹಿಡಿದು ಸಿನಿಮಾ ವೇಗದಲ್ಲಿ ಓಡಿಸಿ ನೋಡೋದು. ಸೆಕೆಂಡಿಗೆ 24 ಫ್ರೇಮು. ಸಾಮಾನ್ಯವಾಗಿ ಒಂದು ಚಿತ್ರಕ್ಕೆ ಎರಡು ಫ್ರೇಮು ಕೊಡ್ತಾರೆ, ಹಾಗಾಗಿ ಸೆಕೆಂಡಿಗೆ 12 ಚಿತ್ರ ಸಾಕು. ಯಾವ ಚಿತ್ರ ಎಷ್ಟು ಫ್ರೇಮು ನಿಲ್ಲಬೇಕು ಅನ್ನೋದು ಒಂದು ಚಾರ್ಟಿನಲ್ಲಿರುತ್ತೆ.

ಗೆಳೆಯನ ಚಾರ್ಟು ನೋಡಿದೆ. 1ನೇ ಚಿತ್ರದಲ್ಲಿ ಮುಷ್ಟಿ ಕಿವಿಯ ಹಿಂದೆ, 9ನೆಯದರಲ್ಲಿ ದವಡೆಯ ಮೇಲೆ. ನಡುವಿನ ಏಳೂ ಚಿತ್ರ ಅಳತೆಪಟ್ಟಿ ಇಟ್ಟ ಹಾಗೆ ಸಮದೂರ! ಒಂದೊಂದಕ್ಕೆ ಎರಡು ಫ್ರೇಮಿನ ಲೆಕ್ಕದಲ್ಲಿ 18 ಫ್ರೇಮು, ಅಂದರೆ ಮುಕ್ಕಾಲು ಸೆಕೆಂಡು. ಅಷ್ಟು ಹೊತ್ತೂ ಕೈ ಒಂದೇ ವೇಗದಲ್ಲಿ ತೇಲುತ್ತಾ ಬಂದರೆ ಪೆಟ್ಟು ಎಲ್ಲಿಂದ ಬರಬೇಕು?

ಅವನು ಮೊದಲು 1ನೇ ಚಿತ್ರವನ್ನೇ 10 ಫ್ರೇಮು ನಿಲ್ಲಿಸಿದ. ‘ಈಗ ಬಿತ್ತು ನೋಡು’ ಅಂತ ನಮ್ಮ ಕಣ್ಣು ತಯಾರಾಗೋಕೆ ಅಷ್ಟು ಹೊತ್ತು ಬೇಕು. ಆಮೇಲೆ 4ನೇ ಮತ್ತು 8ನೇ ಚಿತ್ರ ಮಾತ್ರ, ಒಂದೊಂದೇ ಫ್ರೇಮು. ಇನ್ನು 9? ಅದನ್ನೂ ತೆಗೆದ!

“ಏನಯ್ಯಾ, ಗುದ್ದು ಬೀಳೋ ಚಿತ್ರಾನೇ ಎತ್ತಿಬಿಟ್ಟೆ?” ಅಂದೆ.

“ಅದನ್ನ ತೋರಿಸಿದರೆ ಮುಷ್ಟಿ ಅಲ್ಲಿ ನಿಂತು ದವಡೆ ಒತ್ತಿದ ಹಾಗೆ ಕಾಣುತ್ತೆ ಗುರು. ತಾಗೋದನ್ನ ನಿನ್ನ ಕಣ್ಣೇ ಸೇರಿಸ್ಕೊಳ್ಳುತ್ತೆ” ಅಂದ.

10ನೇ ಚಿತ್ರದಲ್ಲಿ ವಿಲನ್ ತಲೆ ಸ್ವಲ್ಪವೇ ವಾಲಿತ್ತು. ಅದೊಂದನ್ನು ಹೊಸದಾಗಿ ಬರೆದು, ಮುಖವನ್ನು ಒಂದೇ ಸಲಕ್ಕೆ ಹಿಂದಕ್ಕೆ ಎಸೆದು, 4 ಫ್ರೇಮು ನಿಲ್ಲಿಸಿದ. ಮತ್ತೆ ಓಡಿಸಿದ. ನಾನು ಕುರ್ಚಿಯಲ್ಲೇ ಕತ್ತು ಹಿಂದಕ್ಕೆಳೆದುಕೊಂಡೆ ಸ್ವಾಮಿ!

2, 3, 5, 6, 7, 9: ಆರು ಹಾಳೆ ಪಕ್ಕಕ್ಕೆ ಬಿದ್ದವು. ಹೊಸ ಚಿತ್ರಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ. ಗೆರೆ ತಿದ್ದಿ ಬಣ್ಣ ತುಂಬಿದ ಮೇಲೆ ಇದು ಗೊತ್ತಾಗಿದ್ದರೆ, ಅವನ ಲೆಕ್ಕದಲ್ಲಿ ಹಾಳೆಗೆ ಒಂದು ಗಂಟೆಯ ಮೇಲೆ ದಂಡ. ಅದಕ್ಕಿಂತ ಕೆಟ್ಟದ್ದು ಅಂದರೆ, ಅಷ್ಟು ದುಡಿದ ಮೇಲೆ ಎಸೆಯೋಕೆ ಮನಸ್ಸೇ ಬರೋದಿಲ್ಲ, ‘ಇರಲಿ ಬಿಡು’ ಅನ್ನಿಸುತ್ತೆ.

ವಾಲ್ಟ್ ಡಿಸ್ನಿಯ ಕಾಲದಲ್ಲಿ ಇದನ್ನು ಫಿಲ್ಮಿನ ಮೇಲೇ ತೆಗೆಯುತ್ತಿದ್ದರು. ಗಾಳಿಯಾಡದ ಪುಟ್ಟ ಕೋಣೆಯಲ್ಲಿ ಯಜಮಾನರ ಎದುರು ಪ್ರದರ್ಶನ. ಆ ಕೋಣೆಗೆ ‘ಸ್ವೆಟ್ ಬಾಕ್ಸ್’ ಅಂತ ಹೆಸರು ಬಿದ್ದಿತ್ತು. 1937ರ ‘ಸ್ನೋ ವೈಟ್’ಗಾಗಿ ವಾರ್ಡ್ ಕಿಂಬಾಲ್ ಕುಳ್ಳರು ಸೂಪ್ ಕುಡಿಯುವ ದೃಶ್ಯವೊಂದನ್ನು ಪೂರ್ತಿ ಪೆನ್ಸಿಲ್‌ನಲ್ಲಿ ಮಾಡಿದ್ದರು. ಕಥೆಯ ಓಟಕ್ಕೆ ಅಡ್ಡ ಅಂತ ಡಿಸ್ನಿ ಬಣ್ಣಕ್ಕೆ ಮುಂಚೆಯೇ ಕತ್ತರಿ ಹಾಕಿದರು. ಕಿಂಬಾಲ್ ಕೆಲಸವನ್ನೇ ಬಿಡುವ ಯೋಚನೆಯಲ್ಲಿದ್ದರು, ಮುಂದೆ ‘ಪಿನೋಕಿಯೋ’ದಲ್ಲಿ ಜಿಮಿನಿ ಕ್ರಿಕೆಟ್ ಪಾತ್ರ ಅವರ ಕೈಗೆ ಬಂತು. ಪಾಪ, ಒಬ್ಬನ ಇಷ್ಟೊಂದು ದುಡಿಮೆ ಅಂತ ನನಗೆ ಈಗಲೂ ಅನ್ನಿಸುತ್ತೆ.

ಈಗ ಮೊಬೈಲಿನಲ್ಲೇ ಫೋಟೋ ಹಿಡಿದು ನೋಡಬಹುದು. ಗೆಳೆಯ ಎರಡು ವಿಷಯಕ್ಕೆ ಮಾತ್ರ ಹೆದರ್ತಾನೆ. ಒಂದು, ಶಬ್ದ. ‘ಢಿಶುಂ’ ಸೇರಿಸಿಬಿಟ್ಟರೆ ಸಪ್ಪೆ ಏಟೂ ಖಾರವಾಗಿ ಕೇಳುತ್ತೆ, ಅದಕ್ಕೇ ಮೊದಲು ಮೂಕಚಿತ್ರ. ಇನ್ನೊಂದು, ಮೇಲಿಂದ ಮೇಲೆ ನೋಡೋದು. ಹತ್ತು ಸಲ ಆದ ಮೇಲೆ ಕಣ್ಣು ತಪ್ಪಿಗೇ ಒಗ್ಗಿಹೋಗುತ್ತೆ, ಆಗ ಹೊರಗಿನಿಂದ ಯಾರನ್ನಾದರೂ ಕರೀತಾನೆ. ಮೊನ್ನೆ ನನ್ನನ್ನು ಕರೆದಿದ್ದೂ ಕಾಫಿಗಲ್ಲ ಅಂತ ಆಮೇಲೆ ಗೊತ್ತಾಯ್ತು!

ಆದರೆ ಬಣ್ಣ ಹಿನ್ನೆಲೆಯಲ್ಲಿ ಮುಳುಗಿಹೋಗೋದು ಈ ಟೆಸ್ಟಿನಲ್ಲಿ ಕಾಣೋದಿಲ್ಲ. ಚೊಕ್ಕ ಮಾಡಿದ ತೆಳು ಗೆರೆ ನಡುಗೋದೂ ಕಾಣೋದಿಲ್ಲ, ಒರಟು ಗೆರೆಗಳ ದಪ್ಪದಲ್ಲಿ ಅದು ಅಡಗಿಬಿಡುತ್ತೆ. ಅದಕ್ಕೇ ಭೀಮನ ಗೆರೆ ತಿದ್ದಿ ಮುಗಿಸಿ, ಬಣ್ಣಕ್ಕೆ ಕಳಿಸೋ ಮುಂಚೆ ರಾತ್ರಿ ಇನ್ನೊಂದು ಟೆಸ್ಟ್ ಹಾಕಿದ. 10ನೇ ಚಿತ್ರದಲ್ಲಿ ವಿಲನ್ನಿನ ಒಂದು ಕಿವಿಯೇ ಇರಲಿಲ್ಲ!