ಮೂರು ದಾಳಗಳ ಕಥೆ

ಒಂಬತ್ತು ವರ್ಷದ ಮಕ್ಕಳಿಂದ ಕಥೆ ಕಟ್ಟಿಸಲು ಬಳಸುವ ಆಟಗಳಲ್ಲಿ ಕಥಾದಾಳ ಈಗ ಹೆಚ್ಚು ಪ್ರಚಲಿತ. ಉತ್ತರ ಐರ್ಲೆಂಡಿನ ರೋರಿ ಓ'ಕಾನರ್ ರೂಪಿಸಿದ 'ರೋರೀಸ್ ಸ್ಟೋರಿ ಕ್ಯೂಬ್ಸ್' ಎಂಬ ಆಟದಲ್ಲಿ ಒಂಬತ್ತು ದಾಳಗಳಿದ್ದು, ಪ್ರತಿಯೊಂದರ ಆರು ಮುಖಗಳ ಮೇಲೂ ಚುಕ್ಕೆಗಳ ಬದಲು ಒಂದೊಂದು ಚಿತ್ರವಿರುತ್ತದೆ. ಹೀಗೆ ಒಟ್ಟು 54 ಚಿತ್ರಗಳಾಗುತ್ತವೆ, ಅವು ಬೀಳಬಹುದಾದ ಬಗೆಗಳು ಒಂದು ಕೋಟಿಗೂ ಮಿಕ್ಕುತ್ತವೆ. ಒಂಬತ್ತನ್ನೂ ಒಟ್ಟಿಗೆ ಉರುಳಿಸಿ, ಬಿದ್ದ ಚಿತ್ರಗಳನ್ನೆಲ್ಲ ಸೇರಿಸಿ ಒಂದು ಕಥೆ ಹೇಳಬೇಕೆಂಬುದು ಆಟದ ಮೂಲ ನಿಯಮ. ಮಕ್ಕಳ ಬರವಣಿಗೆಯ ಮಟ್ಟಿಗೆ ಈ ನಿಯಮವೇ ದೊಡ್ಡ ತೊಡಕು.

ಒಂಬತ್ತು ಚಿತ್ರಗಳು ಎದುರಿಗಿದ್ದರೆ ಮಗುವಿನ ಗಮನವೆಲ್ಲ ಯಾವುದನ್ನೂ ಬಿಡದೆ ಮುಗಿಸುವುದರ ಕಡೆಗೇ ಹರಿಯುತ್ತದೆ. ಪರಿಣಾಮವಾಗಿ ಹುಟ್ಟುವುದು ಕಥೆಯಲ್ಲ, ಪಟ್ಟಿ. ದಾಳಗಳನ್ನು ಕಡಿಮೆ ಮಾಡಿದರಷ್ಟೇ ಇದು ತಪ್ಪದು. ಮೂರೇ ದಾಳಗಳನ್ನು ಉರುಳಿಸಿದಾಗ ಕುರಿ, ಬೀಗದ ಕೈ, ವಿಮಾನ ಬಿದ್ದವೆಂದು ಭಾವಿಸೋಣ. ಮೊದಲ ಯತ್ನ ಬಹುಮಟ್ಟಿಗೆ ಹೀಗಿರುತ್ತದೆ: ಒಂದು ಕುರಿ ಇತ್ತು, ಅದಕ್ಕೆ ಬೀಗದ ಕೈ ಸಿಕ್ಕಿತು, ಆಮೇಲೆ ವಿಮಾನ ಬಂತು, ಕುರಿ ಅದನ್ನು ಹತ್ತಿ ಮನೆಗೆ ಹೋಯಿತು. ಬರಹ ಪಟ್ಟಿಯಾಗಿದೆಯೇ ಎಂದು ತಿಳಿಯಲು ವಾಕ್ಯಗಳನ್ನು ಹಿಂದುಮುಂದು ಮಾಡಿ ನೋಡಿದರೆ ಸಾಕು. ಇಲ್ಲಿ ವಿಮಾನ ಮೊದಲು ಬಂದು ಬೀಗದ ಕೈ ಆಮೇಲೆ ಸಿಕ್ಕರೂ ಏನೂ ಕೆಡುವುದಿಲ್ಲ.

ಇದಕ್ಕೆ ಪರಿಹಾರದ ದಾರಿಯನ್ನು ದಾಳಗಳು ಬರುವುದಕ್ಕೆ ಬಹಳ ಮುಂಚೆಯೇ ಇಟಲಿಯ ಮಕ್ಕಳ ಸಾಹಿತಿ ಜಾನ್ನಿ ರೊದಾರಿ ತೋರಿಸಿದ್ದರು. 1973ರಲ್ಲಿ ಪ್ರಕಟವಾದ 'ಕಲ್ಪನೆಯ ವ್ಯಾಕರಣ' ಎಂಬ ಅರ್ಥದ ಹೆಸರಿನ ಪುಸ್ತಕದಲ್ಲಿ ಅವರು 'ಕಲ್ಪನೆಯ ಜೋಡಿ' ಎಂಬ ಪರಿಕಲ್ಪನೆಯನ್ನು ವಿವರಿಸುತ್ತಾರೆ. ಸಾಮಾನ್ಯವಾಗಿ ಒಟ್ಟಿಗೆ ಬಾರದ ಎರಡು ವಸ್ತುಗಳು ಆಕಸ್ಮಿಕವಾಗಿ ಅಕ್ಕಪಕ್ಕ ಬಂದಾಗ, ಅವುಗಳ ನಡುವಿನ ಅಂತರವನ್ನು ತುಂಬಲು ಮನಸ್ಸು ಒಂದು ಕಾರಣವನ್ನು ಹುಡುಕುತ್ತದೆ, ಕಥೆ ಅಲ್ಲಿಂದ ಹೊರಡುತ್ತದೆ ಎಂಬುದು ಅದರ ತಿರುಳು. ಕುದುರೆ–ನಾಯಿ ಎಂಬ ಜೋಡಿಯಿಂದ ಹೆಚ್ಚೇನೂ ಹುಟ್ಟದು. ನಾಯಿ–ಕಪಾಟು ಎಂದರೆ ನಾಯಿಯ ಕಪಾಟು, ಕಪಾಟಿನೊಳಗಿನ ನಾಯಿ, ಕಪಾಟು ಹೊತ್ತ ನಾಯಿ ಎಂದು ಸಂಬಂಧ ಬದಲಾದಂತೆಲ್ಲ ಬೇರೆ ಬೇರೆ ಕಥೆಗಳು ಇಣುಕುತ್ತವೆ.

ಈ ವಿಧಾನದಲ್ಲಿ ಶಿಕ್ಷಕರು ಮೂರನೆಯ ದಾಳವನ್ನು ಬಟ್ಟಲಿನಡಿ ಮುಚ್ಚಿಟ್ಟು, ಕುರಿಗೂ ಬೀಗದ ಕೈಗೂ ಏನು ಸಂಬಂಧವೆಂದಷ್ಟೇ ಕೇಳಬೇಕು. ಹುಲ್ಲಿನ ಜೊತೆ ಕುರಿ ಅದನ್ನು ನುಂಗಿಬಿಟ್ಟಿತು ಎಂಬ ಉತ್ತರ ಬಂದರೆ, ಅದು ಯಾರದ್ದು, ಅದಿಲ್ಲದೆ ಅವರಿಗೆ ಏನು ನಿಂತುಹೋಯಿತು ಎಂದು ಕೇಳಿ, ಆಮೇಲೆ ವಿಮಾನವನ್ನು ತೆರೆದು ತೋರಿಸಬೇಕು. ಬೀಗದ ಕೈ ಪೈಲಟನದ್ದಾದರೆ ಕುರಿಯನ್ನು ಬಿಟ್ಟು ವಿಮಾನ ಹೊರಡುವಂತಿಲ್ಲ. ಹೊರಡಬೇಕಾದರೆ ಪ್ರಯಾಣಿಕರ ನಡುವೆ ಅದಕ್ಕೂ ಒಂದು ಸೀಟು ಕೊಡಬೇಕು. ಈಗ ಯಾವ ವಾಕ್ಯವನ್ನೂ ಸ್ಥಳಾಂತರಿಸಲಾಗದು. (ಬೀಗದ ಕೈ ಕೊನೆಗೆ ಹೇಗೆ ಹೊರಬಂತು ಎಂಬ ಪ್ರಶ್ನೆಗೆ ನಾಲ್ಕನೇ ತರಗತಿಯ ಮಕ್ಕಳು ಕೊಡುವ ಉತ್ತರವನ್ನು ಊಹಿಸಲು ಕಷ್ಟವಿಲ್ಲ, ಅದನ್ನು ತಡೆಯಬೇಕಾದ ಅಗತ್ಯವೂ ಇಲ್ಲ.)

ಚಿತ್ರ ನೋಡಿ ಕಥೆ ಕಟ್ಟುವ ಆಟದ ಸಮಸ್ಯೆ ಬೇರೆ ರೀತಿಯದು. ದಾಳ ಬಿಡಿ ವಸ್ತುವನ್ನು ಕೊಟ್ಟರೆ ಚಿತ್ರ ಇಡೀ ಸನ್ನಿವೇಶವನ್ನೇ ಕೊಡುತ್ತದೆ; ಹೀಗಾಗಿ ಮಗು ಕಥೆಯ ಬದಲು ವರ್ಣನೆಗೆ ಇಳಿದು, ಮನೆ ಇದೆ, ಮರ ಇದೆ ಎಂದು ಬರೆಯುತ್ತಾ ಹೋಗುತ್ತದೆ. ತರಗತಿಗಳಲ್ಲಿ ಕಾಣುವ ಸಂತೆ, ಜಾತ್ರೆಗಳ ಚಿತ್ರಪಟಗಳು ಇದನ್ನೇ ಪ್ರೋತ್ಸಾಹಿಸುತ್ತವೆ, ಏಕೆಂದರೆ ಅವುಗಳಲ್ಲಿ ಯಾವುದೂ ಎಡವಟ್ಟಾಗಿರುವುದಿಲ್ಲ. ಅಮೆರಿಕದ ಕ್ರಿಸ್ ವಾನ್ ಆಲ್ಸ್‌ಬರ್ಗ್ 1984ರಲ್ಲಿ ಪ್ರಕಟಿಸಿದ 'ದಿ ಮಿಸ್ಟರೀಸ್ ಆಫ್ ಹ್ಯಾರಿಸ್ ಬರ್ಡಿಕ್' ಪುಸ್ತಕದ 14 ಚಿತ್ರಗಳು ಇದಕ್ಕೆ ವಿರುದ್ಧವಾದವು. ಒಂದರಲ್ಲಿ ಜಮಖಾನದಡಿ ಏನೋ ಉಬ್ಬಿಕೊಂಡಿದೆ, ಮನೆಯ ಯಜಮಾನ ಅದರ ಮೇಲೆ ಕುರ್ಚಿ ಎತ್ತಿ ನಿಂತಿದ್ದಾನೆ. ಅದು ಒಳಗೆ ಬಂದದ್ದು ಹೇಗೆ, ಕುರ್ಚಿ ಬಿದ್ದ ಮೇಲೆ ಏನಾಯಿತು ಎಂಬ ಎರಡೂ ಪ್ರಶ್ನೆಗಳನ್ನು ಚಿತ್ರ ತಾನೇ ಕೇಳುವುದರಿಂದ, ಬರಿಯ ವರ್ಣನೆ ಮಕ್ಕಳಿಗೇ ಸಾಕೆನಿಸುವುದಿಲ್ಲ.

ಹೇಳಿದ್ದನ್ನು ಬರೆಯುವಾಗ ಮತ್ತೊಂದು ತೊಂದರೆ ಎದುರಾಗುತ್ತದೆ. ಈ ವಯಸ್ಸಿನಲ್ಲಿ ಬಾಯಿಯ ವೇಗಕ್ಕೆ ಕೈ ಸರಿಗಟ್ಟದು. ಒತ್ತಕ್ಷರದ ಚಿಂತೆಯಲ್ಲಿ ಕಥೆಯ ಎಳೆ ಕಳಚಿ, ಕೈ ಸೋತೊಡನೆ ಇದೆಲ್ಲ ಕನಸಾಗಿತ್ತು ಎಂಬ ಸಾಲು ಬಂದುಬಿಡುತ್ತದೆ. ಆದ್ದರಿಂದ ಮೊದಲು ಪಕ್ಕದ ಗೆಳೆಯನಿಗೆ ಕಥೆಯನ್ನು ಪೂರ್ತಿ ಹೇಳಿಸಿ, ಅವನಿಗೆ ಅರ್ಥವಾಗದ ಕಡೆ ಪ್ರಶ್ನೆ ಕೇಳಲು ಬಿಟ್ಟು, ಆಮೇಲೆ ಕೊನೆಯ ಘಟನೆಯನ್ನೇ ಮೊದಲು ಬರೆಸುವುದು ಒಳ್ಳೆಯದು. ವಿಮಾನದಲ್ಲಿ ಸೀಟ್ ಬೆಲ್ಟ್ ಕಟ್ಟಿಕೊಂಡು ಕುಳಿತ ಕುರಿ ಕಾಗದದ ಮೇಲೆ ಬಂದಾದ ನಂತರ, ಅದನ್ನು ಅಲ್ಲಿಗೆ ತಲುಪಿಸಲು ಬೇಕಾದ ವಾಕ್ಯಗಳನ್ನು ಮರುದಿನ ಬರೆದರೂ ನಡೆಯುತ್ತದೆ.