ತೇರಿನ ದಿನಾ ಮುದುಕರನ್ನ ಬನಶಂಕರಿಗೆ ಒಯ್ಯಬ್ಯಾಡ್ರಿ

ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ನಮ್ಮ ಸವಡಿಯೊಳಗ ಬನದ ಹುಣ್ಣಿಮಿ ಬಂತಂದ್ರ ಎಲ್ಲಾರದೂ ಒಂದ ಮಾತು, "ತೇರಿನ ದಿನಾನ ದರ್ಶನ ಆಗಬೇಕು." ನಾನೂ ಹಂಗ ಅಂತಿದ್ದೆ. 2025ರ ಜನವರಿ 13ಕ್ಕ, ಹುಣ್ಣಿಮಿ ದಿನಾ, ಎಪ್ಪತ್ತೆಂಟು ವರ್ಷದ ನಮ್ಮ ಅತ್ತಿಯವರನ್ನ ಕರ್ಕೊಂಡು ಹೋದೆ. ಅದು ನನ್ನ ತಪ್ಪು.

ರೂಮಿಗೆ ಬರೇ ಹತ್ತು ದಿನ ಮೊದಲ ಫೋನ್ ಮಾಡಿದ್ವಿ. ಬಾದಾಮಿಯೊಳಗ ಸಿಕ್ಕಿದ್ದು ಮೂರನೇ ಅಂತಸ್ತಿನ ರೂಮು, ಲಿಫ್ಟ್ ಇಲ್ಲ. ಮೊಣಕಾಲು ನೋವಿನ ಅತ್ತಿಯವರು ಕಟಾಂಜನ ಹಿಡಕೊಂಡು ಒಂದೊಂದ ಮೆಟ್ಟಲ ಹತ್ತಿದ್ರು. ಮರುದಿನ ಗಾಡಿ ದೂರನ ನಿಲ್ಲಿಸಿದ್ರು, ನಡದ ಹೋಗಬೇಕಾತು. ಪಾಳಿಯೊಳಗ ಕುಂದ್ರಾಕ ಜಾಗ ಇಲ್ಲ, ಹೊರಗ ಬಂದ್ರ ಪಾಳಿ ಹೋತು.

ಸಂಜಿಮುಂದ ತೇರು ಎಳಿಯುವಾಗ ಜನ ಉತ್ತತ್ತಿ, ಬಾಳಿಹಣ್ಣು ಎಸೀತಾರಲ್ರೀ, ಒಂದು ಉತ್ತತ್ತಿ ಅತ್ತಿಯವರ ಕಾಲಬುಡಕ ಬಿತ್ತು. ಪ್ರಸಾದ ಅಂತ ಬಗ್ಗಿದ್ರು. ಹಿಂದಿನವರು ಮುಂದ ನೂಕಿದ್ರು. ಒಬ್ಬ ಹುಡುಗ ಅವರ ರಟ್ಟಿ ಹಿಡಿದು ಎತ್ತಲಿಲ್ಲಂದ್ರ ಇವತ್ತ ನಾನು ಹಿಂಗ ಬರಿಯೂದು ಎಲ್ಲಿ ಬಂತು?

ತುಳದ ಸಾಯ್ತಾರ ಅಂತ ನಾವು ತಿಳಕೊಂಡೇವಿ. ಹಂಗಲ್ಲ. ಗದ್ದಲದಾಗ ನಿಂತಲ್ಲೇ ಎದಿ ಒತ್ತಿ ಉಸಿರು ಕಟ್ಟತೈತಿ. ಅದರ ಗುರುತು ಏನಂದ್ರ, ಎರಡೂ ಕಡೆ ಮೈಗೆ ಮೈ ಹತ್ತತೈತಿ, ಕೈ ಎತ್ತಾಕ ಬರಂಗಿಲ್ಲ, ನಾವು ನಡಿಯಂಗಿಲ್ಲ, ಜನಾನ ನಮ್ಮನ್ನ ಒಯ್ತಾರ. ಮೈಗೆ ಮೈ ಹತ್ತಾಕ ಶುರು ಆದ್ಕೂಡಲೇ ಹೊರಬೀಳಬೇಕು. ಕೈ ಎದಿ ಮುಂದ ಮಡಚಿ ಉಸಿರಿಗೆ ಜಾಗ ಮಾಡಿಕೋಬೇಕು, ಜನದ ಎದುರು ನೂಕದ ಓರಿಗೆ ಅಡ್ಡಡ್ಡ ಸರೀಬೇಕು. ಏನ ಬಿದ್ರೂ ಬಗ್ಗಬಾರದು. ಎಪ್ಪತ್ತೆಂಟರ ಮುದುಕಿ ಇದನ್ನೆಲ್ಲಾ ಮಾಡ್ತಾಳೇನು?

"ಹಂಗಾರ ಮುದುಕರು ಜಾತ್ರಿ ನೋಡಬಾರದೇನು?" ಅಂತ ನಮ್ಮ ನೆಗೆಣ್ಣಿ ಕೇಳಿದ್ಲು. ನೋಡಲಿ ಬಿಡವ್ವಾ! ಜಾತ್ರಿ ಒಂದ ದಿನದ್ದಲ್ಲ, ವಾರಗಟ್ಟಲೆ ಇರತೈತಿ. ಅಂಗಡಿ, ನಾಟಕ ಎಲ್ಲಾ ಇರತಾವ. 2026ರಾಗ ತೇರು ಜನವರಿ 3ಕ್ಕ ಆತು, ನಾವು 21ಕ್ಕ, ಬುಧವಾರ ಮುಂಜಾನೆ ಹೋದ್ವಿ. ಮಂಗಳವಾರ, ಶುಕ್ರವಾರ ಅವ್ವನ ವಾರ, ಗದ್ದಲ ಹೆಚ್ಚು, ಅದಕ್ಕ ಬಿಟ್ವಿ. ಅತ್ತಿಯವರು ಅವ್ವನ್ನ ಕಣ್ತುಂಬ ನೋಡಿದ್ರು, ಹೊಂಡದ ದಂಡಿಮ್ಯಾಲೆ ಕುಂತು ರೊಟ್ಟಿ ಉಂಡ್ರು.

ಮುಂದಿನ ಬನದ ಹುಣ್ಣಿಮಿ 2027ರ ಜನವರಿ 22ಕ್ಕ. ಅದೂ ಶುಕ್ರವಾರ ನೋಡ್ರಿ! ತೇರಿಗೆ ಹುಡುಗೂರನ್ನ ಕಳಸ್ರಿ. ಮುದುಕರಿಗೆ ಆಮ್ಯಾಲಿನ ದಿನಕ್ಕ ದೀಪಾವಳಿ ಮುಗೀತಿದ್ದಂಗ ರೂಮ್ ಹೇಳಿಬಿಡ್ರಿ. "ಕೆಳಗಿನ ಅಂತಸ್ತು ಬೇಕು, ಕಮೋಡ್ ಇರಬೇಕು" ಅಂತ ಬಾಯಿಬಿಟ್ಟು ಕೇಳ್ರಿ. ತೇರಿನ ದಿನಾ ಬರಲಿಲ್ಲ ಅಂತ ಬನಶಂಕರವ್ವ ಸಿಟ್ಟಾಗಂಗಿಲ್ಲ. ಸಿಟ್ಟಾಗೂದು ನಮ್ಮ ಬೀಗರು ಅಷ್ಟ.