ಬುಕ್ಕಿಯ ಕೈಯಲ್ಲಿ ಮಿತಿಯ ಕೀಲಿ

ಜೂಜು ಹರಾಮ್ ಎಂಬುದು ಗದಗ-ಬೆಟಗೇರಿಯ ಯಾವ ಮುಸ್ಲಿಂ ಯುವಕನಿಗೂ ಹೊಸ ಸುದ್ದಿಯಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮಸೀದಿಗಳಲ್ಲಿ ಜುಮಾ ಖುತ್ಬಾ ಕೇಳಿ ಬೆಳೆದ ಹುಡುಗನಿಗೆ ಅದನ್ನು ಮತ್ತೊಮ್ಮೆ ಹೇಳಬೇಕಾಗಿಯೂ ಇಲ್ಲ. ಆತನಿಗೆ ತಿಳಿಯದಿರುವುದು ಅದರಿಂದ ಹೊರಬರುವ ದಾರಿ. ಆ ದಾರಿಯನ್ನು ತೋರಿಸುವ ಗೋಜಿಗೆ ನಾವು ಹೋಗಿಲ್ಲ. ಹಿಂದೆ ಮಟ್ಕಾ ಚೀಟಿ ಬರೆಸುವವನು ಓಣಿಯ ಮೂಲೆಯವರೆಗಾದರೂ ನಡೆಯಬೇಕಿತ್ತು. ಹೋದದ್ದು ನಾಲ್ಕು ಜನರ ಕಣ್ಣಿಗೆ ಬೀಳುತ್ತಿತ್ತು. ಇಂದು ಇಶಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುವಷ್ಟರಲ್ಲಿ ಮೊಬೈಲಿನಲ್ಲಿ ಪಣ ಕಟ್ಟಿ ಮುಗಿದಿರುತ್ತದೆ.

ನಾವು ಬಿಟ್ಟ ಜಾಗವನ್ನು ಬೆಟ್ಟಿಂಗ್ ವ್ಯಾಪಾರಿಗಳು ತಮ್ಮದೇ ಉಪದೇಶದಿಂದ ತುಂಬಿದ್ದಾರೆ. "ಜವಾಬ್ದಾರಿಯಿಂದ ಆಡಿ, ನಿಮ್ಮ ಮಿತಿಯನ್ನು ನೀವೇ ನಿಗದಿಪಡಿಸಿ" ಎಂಬುದು ಅವರ ಉಪದೇಶ. ಖಾತೆಗೆ ದಿನಕ್ಕೋ ತಿಂಗಳಿಗೋ ಇಷ್ಟೇ ಹಣ ಹಾಕುತ್ತೇನೆಂದು ಗೊತ್ತುಮಾಡುವುದು ಜಮಾ ಮಿತಿ. ಇಷ್ಟು ಕಾಲ ನನ್ನನ್ನು ಒಳಗೆ ಬಿಡಬೇಡಿ ಎಂದು ಆಡುವವನೇ ಕೇಳಿಕೊಂಡು ಬಾಗಿಲು ಹಾಕಿಸಿಕೊಳ್ಳುವುದು ಸ್ವಯಂ ನಿಷೇಧ. ಈ ಎರಡೂ ಉಪಾಯಗಳು ಮೋಸವೆಂದು ನಾನು ಹೇಳುತ್ತಿಲ್ಲ. ಅವು ಯಾರ ಕೈಯಲ್ಲಿವೆ ಎಂಬುದೇ ನನ್ನ ತಕರಾರು.

ಒಂದು ಲೆಕ್ಕವನ್ನು ಊಹಿಸಿಕೊಳ್ಳೋಣ. ಗದಗದ ಗ್ಯಾರೇಜೊಂದರಲ್ಲಿ ತಿಂಗಳಿಗೆ 15,000 ರೂಪಾಯಿ ದುಡಿಯುವ ಯುವಕ ಮನೆಗೆ 9,000 ಕೊಡುತ್ತಾನೆ. "ದಿನಕ್ಕೆ 200 ಮಾತ್ರ" ಎಂದು ಮಿತಿ ಹಾಕಿಕೊಳ್ಳುತ್ತಾನೆ. ಕೇಳಲು ಚಹಾದ ಖರ್ಚಿನಂತಿದೆ. ತಿಂಗಳಿಗೆ ಗುಣಿಸಿದರೆ 6,000, ಅಂದರೆ ಆತನ ಕೈಯಲ್ಲಿ ಉಳಿದದ್ದೆಲ್ಲವೂ. ಹೀಗೆ ದಿನದ ಲೆಕ್ಕದಲ್ಲಿ ಹಾಕಿದ ಮಿತಿ ಕಣ್ಣಿಗೆ ಮಣ್ಣೆರಚುತ್ತದೆ. ಇನ್ನೊಂದು ತೊಡಕೂ ಇದೆ. ಜಮಾ ಮಿತಿ ಎಣಿಸುವುದು ಹೊರಗಿನಿಂದ ಒಳಗೆ ಹಾಕಿದ ಹಣವನ್ನು ಮಾತ್ರ. ಒಂದು ರಾತ್ರಿ 200 ಹಾಕಿ 4,000 ಗೆದ್ದು, ಅದೇ ರಾತ್ರಿ ಕೊನೆಯ ಓವರಿನೊಳಗೆ ಆ 4,000ವನ್ನೂ ಕಳೆದುಕೊಂಡರೆ, ಖಾತೆಯ ಲೆಕ್ಕದಲ್ಲಿ ಆತ ಮಿತಿ ಮೀರಿಯೇ ಇಲ್ಲ! ಮನೆಗೆ ಬರಬಹುದಾಗಿದ್ದ ನಾಲ್ಕು ಸಾವಿರ ಹೋದದ್ದು ಎಲ್ಲಿಯೂ ದಾಖಲಾಗುವುದಿಲ್ಲ. ಮೂರನೆಯದು, ಮಿತಿಯಿರುವುದು ಖಾತೆಗೆ, ಮನುಷ್ಯನಿಗಲ್ಲ. ಆತ ಮೂರು ಕಡೆ ಖಾತೆ ತೆರೆದರೆ ತಿಂಗಳಿಗೆ 18,000 ಆಯಿತು. ದುಡಿಮೆಗಿಂತ ದೊಡ್ಡ ಮಿತಿ!

ಈ ತೂತುಗಳನ್ನು ಮುಚ್ಚಲು ಸಾಧ್ಯವಿಲ್ಲವೇ? ಸರಕಾರದ ಹಿಡಿತವಿರುವಲ್ಲಿ ಸ್ವಲ್ಪಮಟ್ಟಿಗೆ ಸಾಧ್ಯವಾಗಿದೆ. ಬ್ರಿಟನ್ನಿನಲ್ಲಿ ಮಿತಿಯನ್ನು ಇಳಿಸಿದರೆ ತಕ್ಷಣ ಜಾರಿಯಾಗುತ್ತದೆ. ಏರಿಸಬೇಕಾದರೆ ಕನಿಷ್ಠ 24 ಗಂಟೆ ಕಾಯಬೇಕು, ಸೋಲಿನ ಬಿಸಿ ಆರಲೆಂದು. ಅಲ್ಲಿನ ಗ್ಯಾಮ್‌ಸ್ಟಾಪ್ ಎಂಬ ಒಂದೇ ದಾಖಲೆ ಪುಸ್ತಕದಲ್ಲಿ ಹೆಸರು ಬರೆಸಿದರೆ ಪರವಾನಗಿ ಪಡೆದ ಎಲ್ಲ ಆನ್‌ಲೈನ್ ಕಂಪೆನಿಗಳೂ ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ ಆತನಿಗೆ ಬಾಗಿಲು ಮುಚ್ಚಬೇಕು. ನಡುವೆ ಮನಸ್ಸು ಬದಲಾದರೂ ಹೆಸರು ಅಳಿಸಲಾಗದು. 2020ರ ಮಾರ್ಚ್ 31ರಿಂದ ಇದು ಅಲ್ಲಿ ಕಡ್ಡಾಯ.

ನಮ್ಮಲ್ಲಿ ಅಂತಹ ರಾಷ್ಟ್ರೀಯ ಪುಸ್ತಕ ಹುಟ್ಟಲೇ ಇಲ್ಲ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಪಣದಾಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಬಳಿಕ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಆಡಿಸುವವನಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ. ಆಡುವವನನ್ನು ಆ ಕಾಯ್ದೆ ಅಪರಾಧಿಯೆಂದು ನೋಡುವುದಿಲ್ಲ. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬೀಳುವ ಹೊತ್ತಿಗೆ ಡ್ರೀಮ್11ನಂತಹ ದೊಡ್ಡ ಕಂಪೆನಿಗಳು ಹಣದಾಟವನ್ನು ನಿಲ್ಲಿಸಿದವು.

ಇದನ್ನು ನಾವು ಸ್ವಾಗತಿಸಲೇಬೇಕು. ಆದರೆ ಬಾಗಿಲು ಮುಚ್ಚಿತೆಂದು ಸಂಭ್ರಮಿಸುವವರು ಕಿಟಕಿಯನ್ನೂ ನೋಡಲಿ. ಈಗ ಉಳಿದಿರುವುದು ವಿದೇಶದಿಂದ ನಡೆಯುವ ತಾಣಗಳು ಮತ್ತು ವಾಟ್ಸ್‌ಆ್ಯಪಿನಲ್ಲಿ "ಐಡಿ" ಹಂಚುವ ಏಜೆಂಟರು. ಹಣವನ್ನು ಯಾರದೋ ಹೆಸರಿನ ಯುಪಿಐಗೆ ಕಳುಹಿಸಬೇಕು ಅಥವಾ ಕೈಗೆ ಕೊಡಬೇಕು. ಬದಲಿಗೆ ಐಡಿಯಲ್ಲಿ ಅಂಕಗಳು ಬೀಳುತ್ತವೆ. ಕೈಯಲ್ಲಿ ಹಣವಿಲ್ಲದವನಿಗೆ ಅಂಕಗಳನ್ನು ಸಾಲವಾಗಿಯೂ ಕೊಡುತ್ತಾರೆ. ಇಂಥಲ್ಲಿ ಜಮಾ ಮಿತಿ ಎಂಬ ಮಾತಿಗೆ ಅರ್ಥವೇನು? ಜಮೆಯೇ ಇಲ್ಲದೆ ಆಡಬಹುದಾದ ಆಟಕ್ಕೆ ಎಲ್ಲಿಯ ಮಿತಿ? "ನನ್ನ ಐಡಿ ಮುಚ್ಚಿಬಿಡು" ಎಂದರೆ ಏಜೆಂಟ ಇಂದು ಮುಚ್ಚಿ ಮುಂದಿನ ಪಂದ್ಯದ ದಿನ ಹೊಸದನ್ನು, ಜೊತೆಗೆ ಬೋನಸ್ಸನ್ನೂ ಕಳುಹಿಸುತ್ತಾನೆ. ವಿದೇಶಿ ತಾಣದಲ್ಲಿ ಮಿತಿಯ ಗುಂಡಿಯಿದ್ದರೂ ಅದು ಕೆಲಸ ಮಾಡದಿದ್ದಾಗ ದೂರು ಕೊಡಲು ಇಲ್ಲಿ ಯಾವ ಕಚೇರಿಯೂ ಇಲ್ಲ. ಕಳ್ಳನ ಕೈಗೆ ತಿಜೋರಿಯ ಕೀಲಿ ಕೊಟ್ಟು "ರಾತ್ರಿ ತೆರೆಯಬೇಡ" ಎಂದು ಹೇಳಿದಂತೆ ಇದು.

ಆದುದರಿಂದ ಮಿತಿಯನ್ನು ಬೆಟ್ಟಿಂಗ್ ಖಾತೆಯಲ್ಲಿ ಹಾಕುವುದಲ್ಲ, ಹಣ ಹೊರಡುವ ಬಾಗಿಲಲ್ಲಿ ಹಾಕಬೇಕು. ಅದರ ಕೀಲಿ ಆಡುವವನಲ್ಲದ ಇನ್ನೊಬ್ಬರಲ್ಲಿರಬೇಕು. ಮೇಲಿನ ಗ್ಯಾರೇಜಿನ ಯುವಕ ನಿಲ್ಲಿಸಲು ಒಪ್ಪಿದನೆನ್ನಿ. ಸಂಬಳ ಬರುವ ಖಾತೆಯನ್ನು ಆತ ತನ್ನ ಮೊಬೈಲಿನ ಎಲ್ಲ ಯುಪಿಐ ಆ್ಯಪ್‌ಗಳಿಂದಲೂ ತೆಗೆದುಹಾಕಲಿ. ಒಂದರಿಂದ ಮಾತ್ರ ತೆಗೆದರೆ ಪ್ರಯೋಜನವಿಲ್ಲ. ಹೋಗುವ ಮೊದಲು ಆಟೋಪೇ ಪಟ್ಟಿಯನ್ನೂ ನೋಡಲಿ. ಸಂಬಳದ ದಿನವೇ 9,000 ತಾನಾಗಿ ಹೆಂಡತಿಯ ಅಥವಾ ತಾಯಿಯ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಬರೆದುಕೊಡಲಿ. ಎಟಿಎಂ ಕಾರ್ಡಿನ ಆನ್‌ಲೈನ್ ಬಳಕೆಯನ್ನು ಮುಚ್ಚಿಸಲಿ. 2020ರಿಂದ ರಿಸರ್ವ್ ಬ್ಯಾಂಕಿನ ಆದೇಶದಂತೆ ಪ್ರತಿ ಬ್ಯಾಂಕೂ ಈ ಸೌಲಭ್ಯವನ್ನು ಕೊಡಲೇಬೇಕು. ಮುಚ್ಚಿದ್ದನ್ನು ಆತನೇ ಮತ್ತೆ ತೆರೆಯಬಹುದಾದ್ದರಿಂದ ಕಾರ್ಡು ಮನೆಯವರಲ್ಲಿರುವುದು ಲೇಸು.

ಹಾಗಾದರೆ ಪೆಟ್ರೋಲಿಗೆ, ಊಟಕ್ಕೆ ಏನು ಮಾಡಬೇಕು? ಇದಕ್ಕೆ 2024ರಲ್ಲಿ ಬಂದ ಯುಪಿಐ ಸರ್ಕಲ್ ಎಂಬ ವ್ಯವಸ್ಥೆ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಖಾತೆ ಹೆಂಡತಿಯದು ಅಥವಾ ತಂದೆಯದು. ಆತ ಆ ವರ್ತುಲದ ಎರಡನೆಯ ಬಳಕೆದಾರ. ಪ್ರತಿ ಪಾವತಿಗೂ ಒಪ್ಪಿಗೆ ಬೇಕೆಂಬ ಆಯ್ಕೆಯನ್ನು ಹಾಕಿಟ್ಟರೆ, ಆತ ಹಣ ಕೊಡಲು ಹೊರಟಾಗಲೆಲ್ಲ ಖಾತೆದಾರರ ಮೊಬೈಲಿಗೆ ಕೋರಿಕೆ ಬರುತ್ತದೆ, ಅವರು ಒಪ್ಪಿದರೆ ಮಾತ್ರ ಹಣ ಹೋಗುತ್ತದೆ. ರಾತ್ರಿ ಒಂಬತ್ತೂವರೆಗೆ ಅಪರಿಚಿತ ಹೆಸರಿಗೆ 500 ರೂಪಾಯಿ ಕೇಳಿದರೆ ಏನೆಂದು ಹೆಂಡತಿಗೆ ತಿಳಿಯದೇ? ಬೆಟ್ಟಿಂಗ್ ತಾಣಗಳನ್ನು ಮೊಬೈಲಿನಲ್ಲೇ ತಡೆಯುವ ಬೆಟ್‌ಬ್ಲಾಕರ್ ಎಂಬ ಉಚಿತ ಆ್ಯಪ್ ಕೂಡ ಇದೆ. ಆದರೆ ವಾಟ್ಸ್‌ಆ್ಯಪಿನ ಏಜೆಂಟನನ್ನು ಅದು ತಡೆಯಲಾರದು. ಆ ಗುಂಪುಗಳಿಂದ ಹೊರಬಂದು ನಂಬರನ್ನೇ ಬದಲಿಸುವುದು ಒಳ್ಳೆಯದು. ಕೈಯಿಂದ ಕೈಗೆ ದಾಟುವ ನಗದಿಗೆ ಮಾತ್ರ ಯಾವ ಆ್ಯಪಿನ ಬೇಲಿಯೂ ಇಲ್ಲ.

ಉಲೇಮಾಗಳಲ್ಲಿ ಕೆಲವರು ಇಲ್ಲಿ ಆಕ್ಷೇಪಿಸಬಹುದು: ಹರಾಮಿಗೆ ಮಿತಿ ಹೇಳುವುದೆಂದರೆ ಅದನ್ನು ಅರ್ಧ ಹಲಾಲ್ ಮಾಡಿದಂತಲ್ಲವೇ? ಆಕ್ಷೇಪ ನ್ಯಾಯವಾದುದು. ಸೂರಾ ಅಲ್‌ಮಾಇದಾದ 90ನೆಯ ವಚನ ಜೂಜನ್ನು ಕಡಿಮೆ ಮಾಡಲು ಹೇಳುವುದಿಲ್ಲ, ಅದರಿಂದ ದೂರವಿರಲು ಹೇಳುತ್ತದೆ. ಆದ್ದರಿಂದಲೇ "ಜವಾಬ್ದಾರಿಯ ಆಟ" ಎಂಬ ಮಾತನ್ನು ನಾನು ಒಪ್ಪಲಾರೆ. ಸ್ವಯಂ ನಿಷೇಧವೇ ಆ ಆಜ್ಞೆಗೆ ಹತ್ತಿರವಾದುದು. ಆದರೆ ಇಂದೇ ಬಿಡಲಾರದೆ ಒದ್ದಾಡುತ್ತಿರುವವನ ಹಣಕ್ಕೆ ಬೇಲಿ ಹಾಕುವುದು ಆತನಿಗೆ ಕೊಟ್ಟ ಅನುಮತಿಯಲ್ಲ. ಮದ್ಯದ ನಿಷೇಧವೇ ಹಂತಹಂತವಾಗಿ ಅವತೀರ್ಣವಾಯಿತೆಂದು ಮದ್ರಸಾದ ಮಕ್ಕಳಿಗೆ ಪಾಠ ಹೇಳುವವರು ನಾವೇ ಅಲ್ಲವೇ?

ಅದೇ ಸೂರಾದ ಮುಂದಿನ ವಚನವನ್ನು ನಾನು ಎಚ್ಚರಿಕೆಯ ಗುರುತುಗಳಾಗಿಯೂ ಓದುತ್ತೇನೆ. ಮದ್ಯ ಮತ್ತು ಜೂಜು ಜನರ ನಡುವೆ ಹಗೆ ಬಿತ್ತುತ್ತವೆ, ನಮಾಝಿನಿಂದ ತಡೆಯುತ್ತವೆ ಎಂಬುದು ಅದರ ಆಶಯ. ಇವೆರಡೂ ಮನೆಯವರ ಕಣ್ಣಿಗೆ ಮೊದಲು ಬೀಳುವಂಥವು. ಪಂದ್ಯದ ವೇಳೆ ಮಾತನಾಡಿಸಿದರೆ ಸಿಡಿಯುವ ಮಗ, ಜಮಾಅತಿನ ಸಾಲಿನಲ್ಲಿ ನಿಂತೂ ಕೈ ಜೇಬಿಗೆ ಹೋಗುವ ಯುವಕ. ಮನೋವೈದ್ಯರಲ್ಲಿ ಎರಡೇ ಪ್ರಶ್ನೆಗಳ ಒಂದು ಕಿರುಪರೀಕ್ಷೆಯಿದೆ: ಪಣದ ಮೊತ್ತವನ್ನು ಹೆಚ್ಚಿಸುತ್ತಲೇ ಹೋಗಬೇಕೆನಿಸಿದೆಯೇ? ಎಷ್ಟು ಆಡಿದೆನೆಂದು ಹತ್ತಿರದವರಿಗೆ ಸುಳ್ಳು ಹೇಳಬೇಕಾಗಿ ಬಂದಿದೆಯೇ? ಒಂದಕ್ಕೆ ಹೌದೆಂದರೂ ವಿಚಾರಿಸಬೇಕಾದ ಸಂಗತಿ. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಸ್ಪಷ್ಟವಾದ ಗುರುತೆಂದರೆ ಕಳೆದುದನ್ನು ಮರಳಿ ಗಳಿಸಲು ಆಡುವುದು. "ಹೋದದ್ದು ಬರಲಿ, ನಿಲ್ಲಿಸುತ್ತೇನೆ" ಎಂದವನು ಆಗಲೇ ನಿಲ್ಲಿಸುವ ಹಂತ ದಾಟಿದ್ದಾನೆ. ತಾನೇ ಹಾಕಿದ ಮಿತಿಯನ್ನು ಏರಿಸಿದವನು, ಎರಡನೆಯ ಐಡಿ ಪಡೆದವನು, ತಮ್ಮನ ಮೊಬೈಲಿನಿಂದ ಹಣ ಕಳುಹಿಸಿದವನು ಕೂಡ ಅಲ್ಲಿಗೇ ಬಂದಿದ್ದಾನೆ. ಅವರಿಗೆ ಮಿತಿಯ ಮಾತು ಬೇಡ, ಪೂರ್ತಿ ನಿಲ್ಲಿಸುವುದೊಂದೇ ಉಳಿದಿರುವುದು.

ಇನ್ನು ನಮ್ಮ ಹಿರಿಯರಿಗೆ ಒಂದು ಮಾತು. ಮಗನ ಸಾಲದ ಸುದ್ದಿ ಓಣಿಗೆ ತಿಳಿಯುವ ಮುನ್ನ ಒಡವೆ ಅಡವಿಟ್ಟು ಗುಟ್ಟಾಗಿ ತೀರಿಸಿಬಿಡುವುದು ನಮ್ಮಲ್ಲಿ ಮರ್ಯಾದೆಯೆನಿಸಿಕೊಂಡಿದೆ. ವಾಸ್ತವದಲ್ಲಿ ಅದು ಮುಂದಿನ ಪಣಕ್ಕೆ ಕೊಟ್ಟ ಬಂಡವಾಳ. ತೀರಿಸುವ ಮೊದಲು ಯಾರಿಗೆ ಎಷ್ಟು ಎಂಬ ಪಟ್ಟಿಯನ್ನು ಆತನ ಕೈಯಲ್ಲೇ ಬರೆಯಿಸಿ. ಬ್ಯಾಂಕಿನದು, ಸಂಘದ್ದು, ಗೆಳೆಯರದು ನ್ಯಾಯವಾದ ಸಾಲ. ಅದನ್ನು ಆತನ ಕೈಗೆ ಹಣ ಕೊಡದೆ ನೇರವಾಗಿ ಸಾಲ ಕೊಟ್ಟವರಿಗೇ ಕಂತುಗಳಲ್ಲಿ ಮುಟ್ಟಿಸಿ. ಬುಕ್ಕಿಯ ಬಾಕಿ ಬೇರೆ ಮಾತು. 1872ರ ಭಾರತೀಯ ಕರಾರು ಕಾಯ್ದೆಯ 30ನೆಯ ಕಲಮಿನ ಪ್ರಕಾರ ಪಣದ ಒಪ್ಪಂದ ಅಸಿಂಧು; ಅದರ ವಸೂಲಿಗೆ ಯಾರೂ ನ್ಯಾಯಾಲಯದ ಮೆಟ್ಟಿಲೇರಲಾರರು. ಆತ ಮನೆಬಾಗಿಲಿಗೆ ಬಂದು ಬೆದರಿಸಿದರೆ ಅಪರಾಧ ಆತನದು, ದೂರು ಕೊಡಬೇಕಾದವರು ನೀವು. ಬೈತುಲ್‌ಮಾಲಿನ ಹಣದಿಂದ ಇಂಥವರ ಸಾಲ ತೀರಿಸಬಹುದೇ ಎಂಬ ಪ್ರಶ್ನೆಯೂ ಏಳುತ್ತದೆ. ಪಾಪಕ್ಕಾಗಿ ಮಾಡಿದ ಸಾಲಕ್ಕೆ ತೌಬಾದ ನಂತರವಷ್ಟೇ ಝಕಾತಿನ ನೆರವೆಂದು ಹೇಳಿದ ಫುಕಹಾಗಳಿದ್ದಾರೆ. ಮೊಬೈಲು, ಕಾರ್ಡು ಒಪ್ಪಿಸಿದ್ದನ್ನು ಆ ತೌಬಾದ ಸಾಕ್ಷಿಯೆಂದು ನಮ್ಮ ಅಂಜುಮನ್‌ಗಳು ಪರಿಗಣಿಸಬಾರದೇಕೆ?

ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಯೆಂದೇ ಪಟ್ಟಿಮಾಡಿದೆ. ಧಾರವಾಡದ ಡಿಮ್ಹಾನ್ಸ್ ನಮಗೆ ದೂರವೇನಲ್ಲ, ಅಲ್ಲಿ ಮನೋವೈದ್ಯರಿದ್ದಾರೆ. "ನಾನಿಲ್ಲದಿದ್ದರೆ ನೀವಾದರೂ ನೆಮ್ಮದಿಯಾಗಿರುತ್ತೀರಿ" ಎಂಬ ಮಾತು ಸಾಲದಲ್ಲಿರುವ ಹುಡುಗನ ಬಾಯಿಂದ ಬಂದರೆ ಸಾಲದ ಲೆಕ್ಕ, ಬೈಗುಳ ಎರಡನ್ನೂ ಆ ರಾತ್ರಿಗೆ ಬದಿಗಿಡಿ. ಆತನನ್ನು ಒಬ್ಬನೇ ಬಿಡಬೇಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.